ಒದರೂದಕ್ಕ ನಂಬರ್ ಸಿಗೂದಿಲ್ಲ

ನಮ್ಮನಿಯವರಿಗೆ ಸಿಟ್ಟು ಬಂದ್ರ ಫೋನಿನ ಅಗತ್ಯ ಇರೂದಿಲ್ಲ. ಧಾರವಾಡದಾಗ ಕೂತು ಒದರಿದ್ರ ಬೆಂಗಳೂರಾಗಿನ ಮಂದಿಗೆ ಹಂಗ ಕೇಳಿಸ್ತದ. ಆದ್ರ ಬ್ಯಾಂಕಿನ ಹೆಲ್ಪ್‌ಲೈನ್‌ಗೆ ಫೋನ್ ಹಚ್ಚಿ ಇಪ್ಪತ್ತು ಮಿನಿಟು ಒದರಿದ ಮ್ಯಾಲೂ, ನಮ್ಮ ಹದಿನಾಲ್ಕೂವರೆ ಸಾವಿರ ರೂಪಾಯಿ ಮಾತ್ರ ಯಾರಿಗೂ ಕೇಳಿಸಲಿಲ್ಲ. ಆಮ್ಯಾಲೆ ಒಂದು ವಾರಕ್ಕ, ಕ್ಯಾಲೆಂಡರ್ ಹಾಳಿ ಹಿಂದ ಬರದ ಐದು ಸಾಲು ಓದಿದ್ದಕ್ಕ ಆ ರೊಕ್ಕ ವಾಪಸ್ ಬಂತು. ಅದರ ಕಥೀನ ಇವತ್ತ ಹೇಳ್ತೀನಿ. ಕಥಿಗಿಂತ ಹೆಚ್ಚಾಗಿ ನನ್ನ ಅಭಿಪ್ರಾಯ ಒಂದು ಹೇಳೂದದ: ಹೆಲ್ಪ್‌ಲೈನಿಗೆ ಫೋನ್ ಮಾಡಿದಾಗ ನಾವು ಆಡೋ ಮೊದಲನೇ ವಾಕ್ಯನ ನಮ್ಮ ದೂರಿನ ಹಣೆಬರಹ ಬರೀತದ. ಬಾಕಿ ಎಲ್ಲಾ ಅದರ ಹಿಂದ ಬರ್ತದ.

ಆಗಿದ್ದು ಹಿಂಗ. ನಮ್ಮ ಅತ್ತಿಯವರಿಗೆ ಎರಡೂ ಕಣ್ಣಾಗ ಪೊರಿ ಬಂದಿತ್ತು. ಮೊದಲ ಎಡಗಣ್ಣು, ಎರಡು ವಾರ ಬಿಟ್ಟು ಬಲಗಣ್ಣು ಅಂತ ಡಾಕ್ಟರು ಹೇಳಿದ್ರು. ಒಂದು ಕಣ್ಣಿಗೆ ಹದಿನಾಲ್ಕೂವರೆ ಸಾವಿರ. ಎರಡೂ ಕಣ್ಣಿಗೆ ಆಗೋವಷ್ಟು ರೊಕ್ಕ ನಮ್ಮನಿಯವರ ಅಕೌಂಟಿನ್ಯಾಗ ಕೂಡಿಸಿಟ್ಟಿದ್ವಿ. ಒಟ್ಟ 31,240 ರೂಪಾಯಿ ಇತ್ತು. 12ನೇ ತಾರೀಖು ಮುಂಜಾನೆ ದವಾಖಾನಿ ಕೌಂಟರಿನ್ಯಾಗ ಇವರು ಕಾರ್ಡ್ ಕೊಟ್ಟು, ಪಿನ್ ಒತ್ತಿದ್ರು. ಮಷೀನು ಗುರ್ ಗುರ್ ಅಂತ ಭಾಳ ಹೊತ್ತು ಯೋಚನಿ ಮಾಡ್ತು. ಕಡೀಕ ಒಂದು ಚೀಟಿ ಹೊರಗ ಹಾಕ್ತು, ಅದರ ಮ್ಯಾಲೆ ಡಿಕ್ಲೈನ್ಡ್ ಅಂತ ಇತ್ತು. ಕೌಂಟರಿನ ಹುಡುಗಿ, 'ನೆಟ್‌ವರ್ಕ್ ಇಲ್ಲ ಸರ್, ಇನ್ನೊಮ್ಮೆ ಉಜ್ಜಲಾ?' ಅಂದಳು. ನಾಲ್ಕು ಮಿನಿಟು ಬಿಟ್ಟು ಇನ್ನೊಮ್ಮೆ ಉಜ್ಜಿದ್ರು. ಈ ಸಲ ಆತು. ಅತ್ತೀನ್ನ ಒಳಗ ಕರಕೊಂಡು ಹೋದ್ರು.

ಮಧ್ಯಾಹ್ನ ಮನಿಗೆ ಬಂದು ಮೊಬೈಲ್ ನೋಡಿದ್ರ ಎರಡು ಮೆಸೇಜು. 11:42ಕ್ಕ 14,500 ಕಟ್. 11:46ಕ್ಕ 14,500 ಕಟ್. ಬಾಕಿ ಉಳದದ್ದು 2,240. ಬಲಗಣ್ಣಿನ ತಾರೀಖು 28. ಅಷ್ಟರಾಗ ರೊಕ್ಕ ಬರದಿದ್ರ ಯಾರ ಮುಂದ ಕೈ ಒಡ್ಡಬೇಕು ಅನ್ನೋ ಚಿಂತಿ ನಂಗ ಅಲ್ಲೇ ಶುರು ಆತು.

ಇಲ್ಲೆ ಒಂದು ಮಾತು ತಿಳ್ಕೋಬೇಕು. ಚೀಟಿ 'ಆಗಿಲ್ಲ' ಅಂತದ, ಮೆಸೇಜು 'ಆಗೇದ' ಅಂತದ, ಇದು ಹೆಂಗ? ನಾ ತಿಳ್ಕೊಂಡದ್ದು ಹಿಂಗ ಅದ. ಮಷೀನು ಅಂಗಡಿಯವರ ಬ್ಯಾಂಕಿಗೆ ಕೇಳ್ತದ, ಅದು ನಡುವಿನ ಕಾರ್ಡ್ ಕಂಪನಿಗೆ ಕೇಳ್ತದ, ಅದು ನಮ್ಮ ಬ್ಯಾಂಕಿಗೆ ಕೇಳ್ತದ. ನಮ್ಮ ಬ್ಯಾಂಕು ರೊಕ್ಕ ಕಟ್ ಮಾಡಿ 'ಹೂಂ' ಅಂತದ. ಆ 'ಹೂಂ' ಬಂದ ದಾರೀಲೆ ತಿರುಗಿ ಹೋಗಿ ಮಷೀನಿಗೆ ಮುಟ್ಟಬೇಕು. ಹಾದ್ಯಾಗ ಎಲ್ಲೋ ಕಳದು ಹೋದ್ರ ಮಷೀನು ಸ್ವಲ್ಪ ಹೊತ್ತು ಕಾದು 'ಆಗಿಲ್ಲ' ಅಂತ ಚೀಟಿ ಹರೀತದ. ಬಾಜೂ ಮನಿಗೆ ಹುಡುಗನ್ನ ಒಂದು ಬಟ್ಟಲ ಸಕ್ಕರಿ ತರಲಿಕ್ಕೆ ಕಳಿಸಿರ್ತೀರಿ, ಅವರು ಕೊಟ್ಟಿರ್ತಾರ, ಆದ್ರ ಹುಡುಗ ದಾರ್ಯಾಗ ಗೋಲಿ ಆಡ್ಕೋತ ನಿಂತಾನ. ಅವರ ಡಬ್ಯಾಗ ಸಕ್ಕರಿ ಇಲ್ಲ, ನಮ್ಮ ಡಬ್ಯಾಗೂ ಇಲ್ಲ. ಹಂಗಂತ ಕಳವೂ ಆಗಿಲ್ಲ. ರೊಕ್ಕ ನಡುವ ನಿಂತದ, ಅಷ್ಟ.

ಇದು ಅಪರೂಪಕ್ಕ ಆಗೂದಲ್ಲ. ಅದಕ್ಕ ರಿಸರ್ವ್ ಬ್ಯಾಂಕಿನವರು 2019ರ ಸೆಪ್ಟೆಂಬರಿನ್ಯಾಗ ಒಂದು ಸುತ್ತೋಲೆ ಹೊಂಡಿಸ್ಯಾರ. ಅಂಗಡಿ ಮಷೀನಿನ್ಯಾಗ ಕಾರ್ಡ್ ಉಜ್ಜಿ, ಅಕೌಂಟಿನ್ಯಾಗ ರೊಕ್ಕ ಕಟ್ ಆಗಿ, ಅಂಗಡಿಗೆ ಮುಟ್ಟಿದ ಖಾತ್ರಿ ಬರಲಿಲ್ಲ ಅಂದ್ರ, ಆ ದಿನದಿಂದ ಐದು ದಿನದೊಳಗ ಬ್ಯಾಂಕು ತಾನ ರೊಕ್ಕ ವಾಪಸ್ ಹಾಕಬೇಕು. ಐದು ದಿನ ದಾಟಿದ್ರ ದಿನಕ್ಕ ನೂರು ರೂಪಾಯಿ ಪರಿಹಾರ ಕೊಡಬೇಕು, ಅದೂ ಗಿರಾಕಿ ಕೇಳೋ ತನಕ ಕಾಯದಂಗ. ನಮ್ಮ ಲೆಕ್ಕದಾಗ 12ಕ್ಕ ಐದು ಕೂಡಿಸಿದ್ರ 17.

ಆದ್ರ ಇದು ನಂಗ ಆಗ ಗೊತ್ತಿರಲಿಲ್ಲ. ನಮ್ಮನಿಯವರಿಗಂತೂ ಮೊದಲ ಗೊತ್ತಿರಲಿಲ್ಲ. 13ಕ್ಕ ಮುಂಜಾನೆ ಚಹಾ ಕುಡದ ಕೂಡಲೆ ಕಾರ್ಡಿನ ಹಿಂದಿನ ನಂಬರ್ ನೋಡಿ ಫೋನ್ ಹಚ್ಚಿದ್ರು. ಇದೊಂದು ಮಾತ್ರ ಛಲೋ ಮಾಡಿದ್ರು. ಇಂಟರ್ನೆಟ್ಟಿನ್ಯಾಗ ಹುಡುಕಿ ಸಿಕ್ಕ ನಂಬರಿಗೆ ಹಚ್ಚಿದ್ರ ಬ್ಯಾಂಕಿನವರಿಗಿಂತ ಮೊದಲ ಕಳ್ಳರು ಫೋನ್ ಎತ್ತತಾರ. ಕಾರ್ಡಿನ ಬೆನ್ನ ಮ್ಯಾಲಿನ ನಂಬರು, ಇಲ್ಲಾ ಪಾಸ್‌ಬುಕ್ಕಿನ ಮ್ಯಾಲಿಂದು, ಇವೆರಡ ನಂಬಬೇಕು.

ಆಮ್ಯಾಲೆ ಆದದ್ದು ಕೇಳ್ರಿ. ಕನ್ನಡಕ್ಕ ಇಂಥಾ ಅಂಕಿ ಒತ್ತಿ, ಕಾರ್ಡಿಗೆ ಇಂಥಾದ್ದು ಒತ್ತಿ, ಹಾಡು ಕೇಳ್ರಿ ಅಂತೆಲ್ಲಾ ಮುಗದು ಒಬ್ಬ ಹುಡುಗ ಸಿಕ್ಕ. 'ನಮಸ್ಕಾರ ಸರ್, ಹೇಗೆ ಸಹಾಯ ಮಾಡಲಿ?' ಅಂದ. ನಮ್ಮನಿಯವರು ಇಪ್ಪತ್ತೆರಡು ವರ್ಷದಿಂದ ಆ ಬ್ಯಾಂಕಿನ್ಯಾಗ ಅಕೌಂಟ್ ಇದ್ದದ್ದು, ಹಳೇ ಮ್ಯಾನೇಜರು ಎಷ್ಟು ಛಲೋ ಮನಷ್ಯಾ ಇದ್ದರು ಅನ್ನೋದು, ಅವ್ವನ ಕಣ್ಣು, ದೇಶದ ಪರಿಸ್ಥಿತಿ, ಎಲ್ಲಾ ಹೇಳಿದ್ರು. ಕಡೀಕ, 'ಹದಿನಾಲ್ಕೂವರೆ ಸಾವಿರ ಸುಮ್ನ ಹೊಡದೀರಿ, ಇದು ನಾ ಮಾಡಿದ್ದಲ್ಲ, ಹಾಡಹಗಲ ಕಳ್ಳತನ' ಅಂದ್ರು.

ಆ ಹುಡುಗ, 'ಸರ್, ಈ ವ್ಯವಹಾರ ನೀವು ಮಾಡಿಲ್ಲ, ಅಲ್ವಾ ಸರ್?' ಅಂತ ಕೇಳಿದ.

'ಮಾಡಿಲ್ಲೋ ಮಾರಾಯಾ, ಅದನ್ನ ಹೇಳಲಿಕ್ಕತ್ತೀನಿ!'

'ಹಾಗಿದ್ರೆ ಸುರಕ್ಷತೆಗಾಗಿ ಕಾರ್ಡ್ ಬ್ಲಾಕ್ ಮಾಡ್ತೀನಿ ಸರ್.'

'ಏನ್ ಬೇಕಾದ್ದು ಮಾಡ್ರಿ, ನನ್ನ ರೊಕ್ಕ ಹಾಕ್ರಿ' ಅಂದು ಫೋನ್ ಇಟ್ಟರು. ಇಟ್ಟ ಮ್ಯಾಲೆ ನನ್ನ ಕಡೆ ನೋಡಿ, 'ಹೆಂಗ ಝಾಡಿಸಿದೆ ನೋಡಿದೇನು?' ಅಂದ್ರು. ನೋಡಿದೆ. ಕಾರ್ಡ್ ಬಂದ್ ಆತು, ದೂರಿನ ನಂಬರ್ ಬರಕೊಳ್ಳಲಿಲ್ಲ, ಮಾತಾಡಿದವನ ಹೆಸರೂ ಗೊತ್ತಿಲ್ಲ.

19ಕ್ಕ ಒಂದು ಮೆಸೇಜು ಬಂತು: ನಿಮ್ಮ ದೂರನ್ನ ಪರಿಶೀಲಿಸಲಾಗಿದೆ, ವ್ಯವಹಾರ ಚಿಪ್ ಮತ್ತು ಪಿನ್ ಬಳಸಿ ನಡೆದಿದೆ, ಆದ್ದರಿಂದ ದೂರನ್ನ ಮುಕ್ತಾಯ ಮಾಡಲಾಗಿದೆ ಅಂತ. ಇವರು ಮತ್ತ ಒದರಲಿಕ್ಕೆ ತಯಾರ ಆದ್ರು. ನಾ ಫೋನ್ ಕಸಗೊಂಡೆ.

ರಾತ್ರಿ ಕೂತು ಆ ಮೆಸೇಜ್ ನಾಲ್ಕು ಸಲ ಓದಿದೆ. ಬ್ಯಾಂಕು ಸುಳ್ಳು ಹೇಳಿಲ್ಲ ಅಂತ ನಂಗ ಅನಸ್ತು. ಇವರು 'ನಾ ಮಾಡಿಲ್ಲ' ಅಂದ್ರು. ಅವರು 'ಯಾರೋ ಕಾರ್ಡ್ ಕದ್ದು ಉಜ್ಜ್ಯಾರೇನು' ಅಂತ ನೋಡಿದ್ರು. ಖರೇ ಕಾರ್ಡು, ಖರೇ ಪಿನ್ನು. ಅಂದ್ರ ಕಳ್ಳತನ ಅಲ್ಲ, ಕೇಸ್ ಬಂದ್. ನಾವು ಕೇಳಿದ ಪ್ರಶ್ನಿಗೆ ಅವರು ಸರಿಯಾದ ಉತ್ತರಾನ ಕೊಟ್ಟಿದ್ರು, ಆದ್ರ ನಾವು ತಪ್ಪು ಪ್ರಶ್ನಿ ಕೇಳಿದ್ವಿ. ಕಳ್ಳತನ ಬ್ಯಾರೆ, ಒಂದು ಸಲದ್ದು ಎರಡು ಸಲ ಕಟ್ ಆಗೂದು ಬ್ಯಾರೆ. ಹೊಟ್ಟಿ ನೋವಿಗೆ ಹಲ್ಲಿನ ಡಾಕ್ಟರ ಕಡೆ ಹೋಗಿ, ಹಲ್ಲು ಗಟ್ಟಿ ಅವ ಅಂತ ಹೇಳಿಸಿಕೊಂಡು ಬಂದಂಗ ಆಗಿತ್ತು.

ಇದನ್ನ ಮನಸ್ಸಿನ್ಯಾಗ ಇಟ್ಟುಕೊಂಡು, ಮತ್ತ ಫೋನ್ ಮಾಡೂಕಿಂತ ಮೊದಲ ಎರಡು ಕೆಲಸ ಮಾಡಿದೆ.

ಒಂದು, ಚೀಟಿ ಹುಡುಕಿದೆ. ಇವರ ಅಂಗಿ ಕಿಸೆದಾಗ ಎರಡೂ ಮುದ್ದಿ ಆಗಿ ಕೂತಿದ್ವು. ಪುಣ್ಯಾಕ್ಕ ಇನ್ನೂ ಅಂಗಿ ಒಗ್ಯಾಕ ಹಾಕಿರಲಿಲ್ಲ. ಈ ಮಷೀನಿನ ಚೀಟಿಗಳ ಗುಣ ನಿಮಗ ಗೊತ್ತಿರಬೇಕು, ಅದು ಮಸಿ ಅಲ್ಲ, ಕಾವಿಗೆ ಮೂಡಿದ ಅಕ್ಷರ. ಬಿಸಲಿಗೆ ಇಟ್ರ, ಬರೇ ಸುಮ್ನ ಇಟ್ರೂ ಕೆಲವು ತಿಂಗಳಿಗೆ ಬೆಳ್ಳಗ ಆಗಿಬಿಡ್ತದ. ಅದಕ್ಕ ಮೊದಲ ಎರಡರದೂ ಫೋಟೋ ತಗದೆ. ಡಿಕ್ಲೈನ್ಡ್ ಅಂತ ಬಂದ ಚೀಟೀನ ಮಂದಿ ಕೆಲಸಕ್ಕ ಬರೂದಿಲ್ಲ ಅಂತ ಅಲ್ಲೇ ಹರದು ಒಗೀತಾರ. ನನ್ನ ಕೇಳಿದ್ರ, ಆದ ವ್ಯವಹಾರದ ಚೀಟಿ ಒಗದ್ರೂ ಅಡ್ಡಿಯಿಲ್ಲ, ಆಗದಿದ್ದ ವ್ಯವಹಾರದ ಚೀಟಿ ಜೋಪಾನ ಮಾಡ್ರಿ. ಚೀಟಿ ಮ್ಯಾಲೆ ಆರ್‌ಆರ್‌ಎನ್ ಅಂತ ಹನ್ನೆರಡು ಅಂಕಿಯ ಒಂದು ನಂಬರ್ ಇರ್ತದ. ಅದು ಆ ಒಂದು ವ್ಯವಹಾರದ ಗುರುತು. ಟಿಐಡಿ ಅಂತ ಇನ್ನೊಂದು ಇರ್ತದ, ಅದು ಮಷೀನಿನ ಗುರುತು. ಎರಡನ್ನೂ ಕ್ಯಾಲೆಂಡರ್ ಹಾಳಿ ಹಿಂದ ದೊಡ್ಡ ಅಕ್ಷರದಾಗ ಬರದೆ. ಯಾಕಂದ್ರ ನಮ್ಮನಿಯವರು ಚಾಳೀಸ ಹಾಕ್ಕೊಳ್ಳದ ಓದೋ ಜಾತಿ.

ಎರಡನೇದು, ದವಾಖಾನಿಗೆ ಹೋದೆ. ಹೆಂಗೂ ಅತ್ತಿ ಕಣ್ಣು ತೋರಸಲಿಕ್ಕೆ ಹೋಗೂದಿತ್ತು. ಕೌಂಟರಿನ ಹುಡುಗಿಗೆ, 'ತಂಗೀ, 12ನೇ ತಾರೀಖಿಗೆ ನಿಮ್ಮ ಮಷೀನಿನ ಸೆಟಲ್‌ಮೆಂಟಿನ್ಯಾಗ ನಮ್ಮ ರೊಕ್ಕ ಒಮ್ಮೆ ಬಂದದೋ ಎರಡು ಸಲ ಬಂದದೋ ನೋಡವಾ' ಅಂತ ಕೇಳಿದೆ. ದಿನದ ಕಡೀಕ ಮಷೀನಿನ ಲೆಕ್ಕ ಮುಗಸ್ತಾರಲ್ಲ, ಅದರ ಪಟ್ಟಿ ಅವರ ಕಡೆ ಇರ್ತದ. ಆಕಿ ನೋಡಿದಳು. ಒಂದ ಸಲ ಬಂದಿತ್ತು, 11:46ರದ್ದು. ದವಾಖಾನಿ ಹಾಳಿ ಮ್ಯಾಲೆ ಅಷ್ಟ ಬರದು ಶಿಕ್ಕಾ ಹೊಡದು ಕೊಟ್ಟಳು.

ಈ ಪ್ರಶ್ನಿ ಯಾಕ ಮಹತ್ವದ್ದು ಅಂದ್ರ ಇಲ್ಲೆ ದಾರಿ ಎರಡಾಗಿ ಒಡೀತದ. ಅಂಗಡಿಯವರ ಪಟ್ಟ್ಯಾಗ ಎರಡು ಸಲ ಇದ್ರ, ರೊಕ್ಕ ಅಂಗಡಿಗೆ ಮುಟ್ಟೇದ ಅಂತ ಅರ್ಥ. ಆವಾಗ ಅವರಿಗೇ ರಿಫಂಡ್ ಮಾಡ್ರಿ ಅಂತ ಕೇಳಬೇಕು, ಅವರು ಮಾಡದಿದ್ರ ಬ್ಯಾಂಕಿನ ಮೂಲಕ ತಕರಾರು ಹಾಕಬೇಕು, ಅದಕ್ಕ ಹೊತ್ತೂ ಹೆಚ್ಚು ಹಿಡೀತದ. ಒಂದ ಸಲ ಇದ್ರ ಅಂಗಡಿಯವರ ಜೋಡಿ ಜಗಳಾಡಿ ಉಪಯೋಗ ಇಲ್ಲ, ಅವರ ಕಡೆ ನಮ್ಮ ರೊಕ್ಕನ ಇಲ್ಲ. ಅದು ನಡುವ ನಿಂತದ್ದು, ನಮ್ಮ ಬ್ಯಾಂಕು ತಿರುಗಿಸಬೇಕಾದ್ದು. ಐದು ದಿನದ ನಿಯಮ ಹತ್ತೂದು ಇದಕ್ಕ.

20ಕ್ಕ ಮುಂಜಾನೆ ಹತ್ತೂವರಿಗೆ ಫೋನ್ ಹಚ್ಚಿದ್ವಿ. ಅಕೌಂಟ್ ಇವರ ಹೆಸರಿನ್ಯಾಗ ಇದ್ದದ್ದರಿಂದ ಮಾತು ಇವರ ಆಡಬೇಕು. ಹೆಂಡತಿ ಇರಲಿ, ಮಗ ಇರಲಿ, ಖಾತೆದಾರ ಅಲ್ಲದವರ ಜೋಡಿ ಹೆಲ್ಪ್‌ಲೈನಿನವರು ಅಕೌಂಟಿನ ಮಾತಾಡೂದಿಲ್ಲ. ಅದು ಸರಿನೂ ಅದ. ಅದಕ್ಕ ಫೋನ್ ಸ್ಪೀಕರ್ ಮ್ಯಾಲೆ ಇಟ್ಟು, ಹಾಳಿ ಇವರ ಮುಂದ ಇಟ್ಟು, 'ಇದರಾಗ ಇದ್ದದ್ದು ಇದ್ದಂಗ ಓದ್ರಿ. ಒಂದು ಅಕ್ಷರ ಹೆಚ್ಚಿಗೆ ಬ್ಯಾಡ. ಇಪ್ಪತ್ತೆರಡು ವರ್ಷದ ಮಾತು ಎತ್ತಬ್ಯಾಡ್ರಿ' ಅಂದೆ. ನಾ ಪೆನ್ನು ಹಿಡಕೊಂಡು ಬಾಜೂ ಕೂತೆ.

ಹೆಸರು, ಹುಟ್ಟಿದ ತಾರೀಖು, ಕಾರ್ಡಿನ ಕಡೀ ನಾಲ್ಕು ಅಂಕಿ ಕೇಳಿದ್ರು, ಹೇಳಿದ್ರು. ಅಷ್ಟು ಕೇಳಬಹುದು. ಆದ್ರ ಪಿನ್ನು, ಒಟಿಪಿ, ಕಾರ್ಡಿನ ಹಿಂದಿನ ಮೂರು ಅಂಕಿ ಯಾರರೆ ಬಾಯಿಬಿಟ್ಟು ಹೇಳ್ರಿ ಅಂದ್ರ, ನೀವ ಫೋನ್ ಮಾಡಿದ್ರೂ ಸೈತ, ಇಟ್ಟುಬಿಡ್ರಿ. ತಕರಾರು ಬರಕೊಳ್ಳಲಿಕ್ಕೆ ಅವು ಯಾವೂ ಬೇಕಾಗಿಲ್ಲ.

ಈ ಸಲ ಸಿಕ್ಕಾಕಿ ಒಬ್ಬ ಹುಡುಗಿ. ಇವರು ಶಾಲಿ ಹುಡುಗರಂಗ ಓದಿದ್ರು:

'ಒಂದು. ವ್ಯವಹಾರ ನಾನ ಮಾಡಿದ್ದು, ಕಾರ್ಡ್ ನನ್ನ ಹತ್ರನ ಇತ್ತು, ಇದು ಕಳ್ಳತನದ ದೂರಲ್ಲ. ಒಂದು ಸಲದ ರೊಕ್ಕ ಎರಡು ಸಲ ಕಟ್ ಆಗೇದ.

ಎರಡು. 12ನೇ ತಾರೀಖು 11:42ಕ್ಕ ದವಾಖಾನಿ ಮಷೀನಿನ್ಯಾಗ 14,500 ಉಜ್ಜಿದ್ದು ಆಗಿಲ್ಲ ಅಂತ ಚೀಟಿ ಬಂತು. 11:46ಕ್ಕ ಮತ್ತ ಉಜ್ಜಿದ್ದು ಆತು. ಅಕೌಂಟಿನ್ಯಾಗ ಎರಡೂ ಕಟ್ ಆಗ್ಯಾವ.

ಮೂರು. 11:46ರದ್ದು ಸರಿ ಅದ, ಅದನ್ನ ಮುಟ್ಟಬ್ಯಾಡ್ರಿ. ನನ್ನ ತಕರಾರು 11:42ರದ್ದರ ಮ್ಯಾಲೆ ಅಷ್ಟ. ಅದರ ಆರ್‌ಆರ್‌ಎನ್ ಬರಕೊಳ್ರಿ.

ನಾಲ್ಕು. ಆಗಿಲ್ಲ ಅನ್ನೋ ಚೀಟಿ ನನ್ನ ಕಡೆ ಅದ. ಒಂದ ಸಲ ಜಮಾ ಆಗೇದ ಅಂತ ದವಾಖಾನಿ ಕೊಟ್ಟ ಪತ್ರ ಅದ. ಎಲ್ಲಿಗೆ ಕಳಿಸಬೇಕು ಹೇಳ್ರಿ.

ಐದು. 13ಕ್ಕ ಇದರ ದೂರು ತಪ್ಪು ಕಾರಣಕ್ಕ ದಾಖಲಾಗಿ ಬಂದ್ ಆಗೇದ. ಸರಿಯಾದ ಕಾರಣಕ್ಕ ಹೊಸಾ ದೂರು ಬರಕೊಂಡು, ನಂಬರ್ ಕೊಟ್ಟು, ಯಾವ ಕಾರಣದ ಕೆಳಗ ಬರಕೊಂಡ್ರಿ ಅಂತ ಓದಿ ಹೇಳ್ರಿ.'

ಎರಡೂ ಕಡೆ ಸುಮ್ಮನಾತು. ಆಮ್ಯಾಲೆ ಆ ಹುಡುಗಿ, 'ಸರ್, ಇಷ್ಟು ಸರಿಯಾಗಿ ಯಾರೂ ಹೇಳೋದಿಲ್ಲ ಸರ್. ನಮ್ಮ ಸ್ಕ್ರೀನಲ್ಲಿ ಮೊದಲು ಕಾರಣ ಆರಿಸಿದ್ರೆ ಮಾತ್ರ ಮುಂದಿನ ಪುಟ ತೆರೆಯುತ್ತೆ. ನಾನು ಮಾಡಿಲ್ಲ ಅಂದ್ರೆ ವಂಚನೆ ಅಂತಾನೇ ಆರಿಸಬೇಕಾಗುತ್ತೆ' ಅಂದಳು. ನಮ್ಮನಿಯವರು ನನ್ನ ಕಡೆ ನೋಡಿದ್ರು. ನಾ ಹಾಳಿ ಕಡೆ ನೋಡಿದೆ.

ಆಕಿ ಹೇಳಿದ ಆ ಒಂದು ಮಾತಿನ್ಯಾಗ ಎಲ್ಲಾ ಬಂತು. ನಾವು ತಿಳಕೊಂಡಿರೂದು ಏನು? ಆ ಕಡೆ ಒಬ್ಬರು ಮನಷ್ಯಾರು ಕೂತಾರ, ನಮ್ಮ ಕಥಿ ಪೂರ್ತಿ ಕೇಳಿ, ವಿಚಾರ ಮಾಡಿ ನ್ಯಾಯ ಕೊಡ್ತಾರ ಅಂತ. ಕೂತಿರೋದು ಮನಷ್ಯಾರು ಖರೆ, ಆದ್ರ ಅವರ ಮುಂದ ಒಂದು ಫಾರ್ಮ್ ಇರ್ತದ. ಅದರ ಮೊದಲನೇ ಖಾನಿ 'ಕಾರಣ'. ಆ ಖಾನಿ ತುಂಬಿದ ಮ್ಯಾಲೆ ದೂರು ಆ ದಾರಿ ಹಿಡದು ಬ್ಯಾರೆ ಯಾರದೋ ಟೇಬಲ್ಲಿಗೆ ಹೋಗ್ತದ. ಅಲ್ಲಿದ್ದವರು ನಮ್ಮ ಧ್ವನಿ ಕೇಳೂದಿಲ್ಲ, ಕಾರಣ ಅಷ್ಟ ನೋಡ್ತಾರ. ಅದಕ್ಕ ನಾ ಅನ್ನೂದು, ಸಮಾಧಾನದಿಂದ ಮಾತಾಡ್ರಿ ಅಂದ್ರ ಅದು ಬರೇ ನಯ ವಿನಯದ ಮಾತಲ್ಲ. ಸಿಟ್ಟಿನ್ಯಾಗ ನಮ್ಮ ಬಾಯಾಗ ಮೊದಲ ಬರೂದು ನಮ್ಮ ಸಂಕಟ, ಅವರ ಫಾರ್ಮಿಗೆ ಮೊದಲ ಬೇಕಾದ್ದು ಏನು ಆತು ಅನ್ನೋದು. ಎರಡೂ ಕೂಡೂದಿಲ್ಲ.

ಮೂರನೇ ಸಾಲಿನ ಬಗ್ಗೆನೂ ಒಂದು ಮಾತು ಹೇಳಬೇಕು, ಯಾಕಂದ್ರ ಅಲ್ಲೆ ಭಾಳ ಮಂದಿ ಎಡವ್ತಾರ. ಎರಡೂ 14,500 ಅಲ್ಲೇನು, ಯಾವುದಾದ್ರೇನು ಒಂದು ವಾಪಸ್ ಬಂದ್ರ ಸಾಕು ಅನಸ್ತದ. ಹಂಗಲ್ಲ. ನೀವು ಸರಿಯಾಗಿ ಆದ ವ್ಯವಹಾರದ ಮ್ಯಾಲೆ ತಕರಾರು ಹಾಕಿದ್ರ, ಅಂಗಡಿಯವರ ಕಡೆ ಅದರ ಚೀಟಿ ಇರ್ತದ, ಬಿಲ್ ಇರ್ತದ, ತೋರಸ್ತಾರ, ನೀವು ಸೋಲ್ತೀರಿ. ಮತ್ತ ಖರೇ ತಪ್ಪಾದ ವ್ಯವಹಾರದ ಮ್ಯಾಲೆ ಯಾರೂ ದೂರನ ಕೊಟ್ಟಿರೂದಿಲ್ಲ. ಅದಕ್ಕ ರೊಕ್ಕದ ಮೊತ್ತ ಅಲ್ಲ, ಹೊತ್ತು ಮತ್ತ ಆರ್‌ಆರ್‌ಎನ್ ಹೇಳಬೇಕು.

ಇನ್ನ ನಾ ಬರಕೊಂಡದ್ದು. ಫೋನ್ ಹಚ್ಚಿದ ತಾರೀಖು, ಹೊತ್ತು. ಮಾತಾಡಿದಾಕಿ ಹೆಸರು. ದೂರಿನ ನಂಬರ್, ಅದನ್ನ ಒಂದೊಂದ ಅಂಕಿ ನಾವು ತಿರುಗಿ ಓದಿ, ಆಕಿ ಹೌದು ಅಂದ ಮ್ಯಾಲೆ. ದಾಖಲಾದ ಕಾರಣ. ಯಾವ ತಾರೀಖಿನೊಳಗ ಉತ್ತರ ಅಂದಳು ಅದು. ಚೀಟಿ ಫೋಟೋ ಕಳಿಸಬೇಕಾದ ಇಮೇಲ್. ಇವರಿಗೆ ಇನ್ನೂ ಒಂದು ಕೇಳ್ರಿ ಅಂತ ಸನ್ನಿ ಮಾಡಿದೆ: 'ಇದು ಬರೇ ವಿಚಾರಣೆಯೋ, ಕಂಪ್ಲೇಂಟೋ?' ಯಾಕಂದ್ರ ಕೆಲವು ಸಲ 'ಎಂಕ್ವಾಯರಿ' ಅಂತ ಬರಕೊಂಡು ಒಂದು ನಂಬರ್ ಕೊಡ್ತಾರ, ಅದು ಮರದಿನ 'ಮಾಹಿತಿ ಕೊಡಲಾಗಿದೆ' ಅಂತ ಬಂದ್ ಆಗಿರ್ತದ. 'ಕಂಪ್ಲೇಂಟ್ ಅಂತಾನೇ ತಗೊಂಡಿದೀನಿ ಸರ್' ಅಂದಳು. ಫೋನ್ ಇಡೂಕಿಂತ ಮೊದಲ ಆ ನಂಬರಿನ ಮೆಸೇಜು ಮೊಬೈಲಿಗೆ ಬಂತು. ಹಾಳಿ ಮ್ಯಾಲಿನದಕ್ಕ ತಾಳಿ ನೋಡಿ ಆಮ್ಯಾಲೆ 'ಥ್ಯಾಂಕ್ಸ್' ಅಂದ್ವಿ. ಒಟ್ಟ ಒಂಬತ್ತು ಮಿನಿಟು ಹಿಡೀತು, ಅದರಾಗ ನಾಲ್ಕು ಹಾಡಿಂದು.

ಈ ನಂಬರಿನ ಹಟಾ ಯಾಕ ಅಂತ ನಮ್ಮನಿಯವರು ಆಮ್ಯಾಲೆ ಕೇಳಿದ್ರು. ಬ್ಯಾಂಕು ಮೂವತ್ತು ದಿನದೊಳಗ ಉತ್ತರ ಕೊಡಲಿಲ್ಲಂದ್ರ, ಇಲ್ಲಾ ಕೊಟ್ಟ ಉತ್ತರ ನಮಗ ಒಪ್ಪಿಗೆ ಆಗಲಿಲ್ಲಂದ್ರ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ಒಳಗ ದೂರು ಕೊಡಬಹುದು, ಅದಕ್ಕ ರೊಕ್ಕ ಕೊಡಬೇಕಾಗಿಲ್ಲ. ಆದ್ರ ಮೊದಲ ಬ್ಯಾಂಕಿಗೆ ದೂರು ಕೊಟ್ಟಿರಲೇಬೇಕು, ಅದೂ ಬರವಣಿಗಿಯೊಳಗ. 2021ರಾಗ ಬಂದ ಯೋಜನೆಯೊಳಗ ಒಂದು ಸಣ್ಣ ವಿವರಣೆ ಇತ್ತು: ಬ್ಯಾರೆ ರೀತಿಯಿಂದ ಕೊಟ್ಟ ದೂರೂ, ಕೊಟ್ಟದ್ದಕ್ಕ ಪುರಾವೆ ತೋರಿಸಿದ್ರ, ಲಿಖಿತ ದೂರಿನ ಲೆಕ್ಕಕ್ಕ ಬರ್ತದ ಅಂತ. ಅಂದ್ರ ಫೋನಿನ್ಯಾಗ ಆಡಿದ ಮಾತಿಗೆ ಪುರಾವೆ ಆಗೂದು ಆ ನಂಬರು. ನಂಬರ್ ಇಲ್ಲದ ಫೋನು ಬರೇ ಹರಟಿ. ನಮ್ಮನಿಯವರ 13ನೇ ತಾರೀಖಿನ ಇಪ್ಪತ್ತು ಮಿನಿಟು ಎಷ್ಟ ಜೋರ ಇದ್ರೂ, ಪುಣ್ಯಾಕ್ಕ ಆ ಹುಡುಗ ತಾನ ಕಳಿಸಿದ್ದ ಒಂದು ಮೆಸೇಜಿನಿಂದಷ್ಟ ಉಳೀತು. ಅದರಾಗಿನ ನಂಬರ್ ಹುಡುಕಿ ಐದನೇ ಸಾಲಿಗೆ ಆಧಾರ ಮಾಡಿಕೊಂಡಿದ್ದೆ.

26ಕ್ಕ ಸಂಜಿ ಮುಂದ ದೀಪಾ ಹಚ್ಚೂದ್ರಾಗ ಮೆಸೇಜು ಬಂತು. 14,500 ಜಮಾ. ಬಲಗಣ್ಣಿಗೆ ಎರಡು ದಿನ ಇತ್ತು. ಅತ್ತಿ ಒಂದು ಕಣ್ಣಿಗೆ ಕರೀ ಚಾಳೀಸದ ಮರಿ ಇಟ್ಟುಕೊಂಡು, 'ಬಂತೇನವಾ?' ಅಂದ್ರು. 'ಬಂತ್ರಿ' ಅಂದೆ. ಹದಿನೈದು ದಿನದಿಂದ ಅವರು ಒಂದು ಮಾತೂ ಆಡಿರಲಿಲ್ಲ. ಆದ್ರ ಪಕ್ಕದ ಮನಿಯವರಿಗೆ, 'ಬಲಗಣ್ಣಿಂದು ಏನ್ ಅವಸರ ಇಲ್ಲ ಬಿಡ್ರಿ, ಒಂದು ಕಂಡ್ರ ಸಾಕಲ್ಲ ಈ ವಯಸ್ಸಿಗೆ' ಅಂದಿದ್ದು ನಂಗ ಕೇಳಿಸಿತ್ತು.

ನಾ ಇನ್ನೂ ಕ್ಯಾಲೆಂಡರ್ ಮಡಚಲಿಲ್ಲ. 17ಕ್ಕ ಬರಬೇಕಾದ್ದು 26ಕ್ಕ ಬಂತು. ಒಂಬತ್ತು ದಿನ ತಡಾ. ದಿನಕ್ಕ ನೂರರಂಗ ಒಂಬೈನೂರು. ಕೇಳದನ ಕೊಡಬೇಕು ಅಂತ ನಿಯಮ, ಆದ್ರ ಕೊಟ್ಟಿರಲಿಲ್ಲ. 27ಕ್ಕ ಮತ್ತ ಫೋನು, ಮತ್ತ ಹಾಳಿ. ಹಳೇ ದೂರಿನ ನಂಬರ್, ವ್ಯವಹಾರದ ತಾರೀಖು, ರೊಕ್ಕ ಬಂದ ತಾರೀಖು, ನಡುವಿನ ದಿನದ ಲೆಕ್ಕ, 2019ರ ಸುತ್ತೋಲೆ, ಮತ್ತ ಹೊಸಾ ನಂಬರ್ ಕೊಡ್ರಿ ಅನ್ನೋದು. ನಾಲ್ಕು ದಿನಕ್ಕ ಒಂಬೈನೂರು ಜಮಾ ಆತು.

ಈಗ ಬ್ಯಾಂಕಿನವರ ಕಡೆನೂ ನಂದೊಂದು ತಕರಾರು ಅದ, ಅದನ್ನ ಹೇಳದನ ಬಿಟ್ರ ಎಲ್ಲಾ ತಪ್ಪು ನಮ್ಮನಿಯವರ ಮ್ಯಾಲೆ ಹಾಕಿದಂಗ ಆಗ್ತದ. ಸಂಕಟದಾಗ ಇದ್ದ ಮನಷ್ಯಾ 'ನಾ ಮಾಡಿಲ್ಲ' ಅಂದ್ರ, ಕಾರ್ಡ್ ನಿಮ್ಮ ಹತ್ರ ಅದನೋ ಇಲ್ಲೋ, ಅದ ಹೊತ್ತಿಗೆ ಅಲ್ಲೆ ಇನ್ನೊಂದು ಸಲ ಉಜ್ಜಿದ್ರೇನು ಅಂತ ಎರಡು ಪ್ರಶ್ನಿ ಕೇಳೂದು ದೊಡ್ಡ ಕೆಲಸ ಅಲ್ಲ. ಅದ ಅಂಗಡಿ, ಅದ ಮೊತ್ತ, ನಾಲ್ಕ ಮಿನಿಟಿನ ಅಂತರ ಅವರ ಸ್ಕ್ರೀನ್ ಮ್ಯಾಲೆನ ಕಾಣಿಸ್ತಿರ್ತದ. ಖರೇನ ಕಳ್ಳತನ ಆದಾಗ ಮೊದಲ ಕಾರ್ಡ್ ಬಂದ್ ಮಾಡಬೇಕು, ಅದು ಸರಿ. ನಿಮಗ ಗೊತ್ತಿಲ್ಲದ ಊರಾಗ, ಗೊತ್ತಿಲ್ಲದ ಅಂಗಡ್ಯಾಗ ಕಟ್ ಆಗಿದ್ರ 'ನಾ ಮಾಡಿಲ್ಲ' ಅನ್ನೋದ ಮೊದಲನೇ ವಾಕ್ಯ ಆಗಬೇಕು, ಮತ್ತ ಅದನ್ನ ಒಂದು ಮಿನಿಟೂ ತಡಾ ಮಾಡದನ ಹೇಳಬೇಕು. ಆದ್ರ ಅವೆರಡನ್ನೂ ಬ್ಯಾರೆ ಮಾಡೋ ಜವಾಬ್ದಾರಿ ದವಾಖಾನಿ ಬಾಗಲಾಗ ನಿಂತ ಗಿರಾಕಿದಲ್ಲ, ದಿನಾ ಅದನ್ನ ಮಾಡೋವರದು. ಮತ್ತ ದಿನಕ್ಕ ನೂರು ರೂಪಾಯಿ ತಾನ ಹಾಕಬೇಕು ಅಂತ ನಿಯಮ ಇದ್ದಾಗ, ಕೇಳಿದವರಿಗೆ ಅಷ್ಟ ಕೊಟ್ರ, ಕೇಳಲಿಕ್ಕೆ ಗೊತ್ತಿಲ್ಲದವರ ರೊಕ್ಕ ಎಲ್ಲಿ ಹೋತು? ನಮ್ಮ ಅತ್ತಿ ಒಬ್ಬರ ಇದ್ದಿದ್ರ ಕೇಳ್ತಿದ್ರೇನು?

ಅವರು ಬದಲಾಗೋ ತನಕ ನಮ್ಮ ಕೈಯಾಗ ಇರೂದು ಆ ಮೊದಲನೇ ವಾಕ್ಯ ಮತ್ತ ಒಂದು ಹಾಳಿ. ಫೋನ್ ಹಚ್ಚೂಕಿಂತ ಮೊದಲ ಹಾಳಿ ಮ್ಯಾಲೆ ಬರೀರಿ: ನಾ ಮಾಡಿದ್ದೋ, ಅಲ್ಲೋ? ಮಾಡಿದ್ದಾದ್ರ ಏನು ತಪ್ಪಾತು? ಯಾವ ವ್ಯವಹಾರ? ಇಷ್ಟು ಬರೀಲಿಕ್ಕೆ ಬರಲಿಲ್ಲಂದ್ರ, ಫೋನ್ ಮಾಡೋ ಹೊತ್ತು ಇನ್ನೂ ಬಂದಿಲ್ಲ ಅಂತ ತಿಳಕೊಂಡು ಇನ್ನೊಂದು ಚಹಾ ಮಾಡ್ಕೊಂಡು ಕುಡೀರಿ.

ಆ ಕ್ಯಾಲೆಂಡರ್ ಹಾಳಿ ಈಗ ನಮ್ಮ ಲೆಕ್ಕದ ವಹಿಯೊಳಗ ಮಡಚಿ ಇಟ್ಟೀನಿ. ಮೊನ್ನೆ ಎರಡೂ ಕಣ್ಣು ಕಾಣ್ತಿದ್ದ ಅತ್ತಿ ಅದನ್ನ ತಗದು, ದೂರ ಹಿಡದು, ಹತ್ರ ಹಿಡದು, ಪೂರ್ತಿ ಓದಿದ್ರು. ಆಮ್ಯಾಲೆ, 'ಎಲ್ಲಾ ಬರದೀ ಖರೆ, ಕಡೀಕ ಬಂದ ಒಂಬೈನೂರು ಎಲ್ಲಿ ಹೋತು ಅಂತ ಬರದಿಲ್ಲಲ್ಲ ನಮ್ಮವಾ?' ಅಂದ್ರು.

ಅದರ ನಂಬರ್ ನನ್ನ ಕಡೆ ಇಲ್ಲ. ಅವತ್ತ ಸಂಜೀಕ ನಮ್ಮನಿಯವರು ಪೇಢೆ ತಂದಿದ್ರು.